ಚಿಂತನ-ಸಾಧ್ಯತಾ ಮಾದರಿ ಮತ್ತು ರಸ್ತೆ ಸುರಕ್ಷತೆಯ ಜಾಹೀರಾತು

ಒಂದು ಸಂದೇಶ ಯಾರದಾದರೂ ಅಭಿಪ್ರಾಯವನ್ನು ಬದಲಿಸುವಾಗ ಆ ವ್ಯಕ್ತಿಯ ಮನಸ್ಸಿನೊಳಗೆ ಏನು ನಡೆಯುತ್ತದೆ ಎಂಬುದನ್ನು ವಿವರಿಸಲು ಅಮೆರಿಕದ ಸಾಮಾಜಿಕ ಮನೋವಿಜ್ಞಾನಿಗಳಾದ ರಿಚರ್ಡ್ ಪೆಟಿ ಮತ್ತು ಜಾನ್ ಕಚಿಯೊಪ್ಪೊ ರೂಪಿಸಿದ ಸಿದ್ಧಾಂತವೇ ಚಿಂತನ-ಸಾಧ್ಯತಾ ಮಾದರಿ. ಎಲಾಬೊರೇಶನ್ ಲೈಕ್ಲಿಹುಡ್ ಮಾಡೆಲ್ ಎಂಬ ಮೂಲ ಹೆಸರಿನಲ್ಲೂ ಇದು ಪರಿಚಿತ. 1981ರ ಅವರ ಪಠ್ಯಪುಸ್ತಕದಲ್ಲಿ ಇದರ ಮೊದಲ ರೂಪವಿದೆ. 1986ರ ಗ್ರಂಥದಲ್ಲಿ ಪೂರ್ಣ ರೂಪ ಸಿಗುತ್ತದೆ. ಜಾಹೀರಾತು, ಚುನಾವಣಾ ಪ್ರಚಾರ, ಆರೋಗ್ಯ ಸಂವಹನ ಎಲ್ಲದರಲ್ಲೂ ಇದನ್ನು ಬಳಸಿದ್ದಾರೆ. ರಸ್ತೆ ಸುರಕ್ಷತೆಯ ಜಾಹೀರಾತು ಇದರ ಪರೀಕ್ಷೆಗೆ ವಿಶೇಷವಾಗಿ ತಕ್ಕ ಕ್ಷೇತ್ರ. ಅಲ್ಲಿ ಜಾಹೀರಾತು ಬದಲಿಸಬೇಕಾದದ್ದು ಪ್ರತಿದಿನ ಗಮನವೇ ಇಲ್ಲದೆ ಮಾಡುವ ಒಂದು ಕೆಲಸವನ್ನು. ಅದನ್ನು ಮಾಡುವವರಲ್ಲಿ ಹೆಚ್ಚಿನವರು ತಾವು ಮಾಡುತ್ತಿರುವುದು ತಪ್ಪೆಂದು ಒಪ್ಪುವುದೂ ಇಲ್ಲ.

ಮಾದರಿಯ ತಿರುಳು ಸರಳ. ಸಂದೇಶವೊಂದು ಎದುರಾದಾಗ ಅದರ ವಾದವನ್ನು ನಾವು ಎಷ್ಟು ಎಳೆ ಎಳೆಯಾಗಿ ಯೋಚಿಸುತ್ತೇವೆ, ನಮ್ಮ ಅನುಭವದೊಂದಿಗೆ ಎಷ್ಟು ತಾಳೆ ನೋಡುತ್ತೇವೆ ಎಂಬುದು ಪ್ರತಿ ಸಲವೂ ಬೇರೆಯಾಗಿರುತ್ತದೆ. ಈ ಚಿಂತನೆ ಹೆಚ್ಚಿದ್ದಾಗ ಅಭಿಪ್ರಾಯ ವಾದದ ಗಟ್ಟಿತನದ ಮೇಲೆ ನಿಲ್ಲುತ್ತದೆ. ಇದು ಕೇಂದ್ರ ಮಾರ್ಗ. ಚಿಂತನೆ ಕಡಿಮೆಯಿದ್ದಾಗ ಹೇಳಿದವರು ಯಾರು, ಎಷ್ಟು ಕಾರಣ ಕೊಟ್ಟರು, ಸಂಗೀತ ಹಿತವಾಗಿತ್ತೇ ಎಂಬಂಥ ಸುಳಿವುಗಳೇ ತೀರ್ಪು ಕೊಡುತ್ತವೆ. ಇದು ಪರಿಧಿ ಮಾರ್ಗ. ಚಿಂತನೆ ಎಷ್ಟಾಗುತ್ತದೆ ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಒಂದು, ಯೋಚಿಸುವ ಪ್ರೇರಣೆ: ವಿಷಯ ನನಗೆ ತಗಲುತ್ತದೆಯೇ? ಇನ್ನೊಂದು, ಯೋಚಿಸುವ ಅನುಕೂಲ: ಸಮಯ, ಏಕಾಗ್ರತೆ, ಅರ್ಥವಾಗುವಷ್ಟು ತಿಳಿವಳಿಕೆ ಇದೆಯೇ? ಮಾರ್ಗಗಳಿಗೆ ಹೆಸರು ಎರಡಾದರೂ ಅವು ಒಂದೇ ಉದ್ದದ ಎರಡು ತುದಿಗಳು. ವಾಸ್ತವದಲ್ಲಿ ಹೆಚ್ಚಿನ ಪ್ರೇಕ್ಷಕರು ನಡುವೆ ಎಲ್ಲೋ ಇರುತ್ತಾರೆ.

ಇಲ್ಲೊಂದು ತಪ್ಪು ತಿಳಿವಳಿಕೆ ಪಠ್ಯಪುಸ್ತಕಗಳಲ್ಲೂ ಮತ್ತೆ ಮತ್ತೆ ಕಾಣುತ್ತದೆ. ಅಂಕಿಅಂಶವಿರುವ ಜಾಹೀರಾತು ಕೇಂದ್ರ ಮಾರ್ಗದ್ದು, ಸಿನಿಮಾ ನಟ ಬರುವ ಜಾಹೀರಾತು ಪರಿಧಿ ಮಾರ್ಗದ್ದು ಎಂದು ವಿಂಗಡಿಸಿಬಿಡುತ್ತಾರೆ. ಮಾದರಿ ಹೇಳುವುದು ಹಾಗಲ್ಲ. ಮಾರ್ಗ ಇರುವುದು ನೋಡುವವರ ತಲೆಯಲ್ಲಿ. ಒಂದೇ ಚಿತ್ರ ಒಂದೇ ಸಂಜೆ ಒಂದೇ ಮನೆಯ ಇಬ್ಬರಲ್ಲಿ ಎರಡು ಮಾರ್ಗಗಳಲ್ಲಿ ಸಾಗಬಹುದು. ಈ ಲೇಖನದ ಮುಂದಿನ ಭಾಗವೆಲ್ಲ ಈ ಮಾತಿನ ವಿಸ್ತರಣೆ.

ರೇಜರಿನ ಪ್ರಯೋಗ

ಮಾದರಿಯನ್ನು ಜಾಹೀರಾತಿಗೆ ನೇರವಾಗಿ ಒಡ್ಡಿದ ಪ್ರಯೋಗ 1983ರದು. ಪೆಟಿ, ಕಚಿಯೊಪ್ಪೊ ಮತ್ತು ಡೇವಿಡ್ ಶುಮನ್ ಸೇರಿ ‘ಎಡ್ಜ್’ ಎಂಬ ಹೆಸರಿನ ಬಿಸಾಡುವ ರೇಜರಿಗೆ ಜಾಹೀರಾತು ತಯಾರಿಸಿ, ಬೇರೆ ಜಾಹೀರಾತುಗಳ ನಡುವೆ ಸೇರಿಸಿ ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವರಿಗೆ ಈ ರೇಜರ್ ನಿಮ್ಮ ಊರಿಗೇ ಬರಲಿದೆ, ಕೊನೆಯಲ್ಲಿ ನಿಮಗೊಂದು ರೇಜರ್ ಆರಿಸಿಕೊಳ್ಳಲು ಬಿಡುತ್ತೇವೆ ಎಂದು ತಿಳಿಸಿದ್ದರು. ಉಳಿದವರಿಗೆ ಅದು ದೂರದ ಊರುಗಳಲ್ಲಿ ಮಾರಾಟವಾಗಲಿದೆ, ನೀವು ಆರಿಸಿಕೊಳ್ಳಬೇಕಾದದ್ದು ಟೂತ್‌ಪೇಸ್ಟ್ ಎಂದಿದ್ದರು. ಅರ್ಧ ಜಾಹೀರಾತುಗಳಲ್ಲಿ ಹಿಡಿ ಜಾರದಂತೆ ಗೀರು ಕೊಟ್ಟಿದೆ, ಹೋಲಿಕೆಯ ಪರೀಕ್ಷೆಯಲ್ಲಿ ಗೆದ್ದಿದೆ ಎಂಬಂಥ ಗಟ್ಟಿ ಕಾರಣಗಳಿದ್ದವು. ಇನ್ನರ್ಧದಲ್ಲಿ ಸ್ನಾನದ ಮನೆಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು ಎಂಬಂಥ ಟೊಳ್ಳು ಕಾರಣಗಳು. ಶಿಫಾರಸು ಮಾಡಿದವರು ಕೆಲವು ಪ್ರತಿಗಳಲ್ಲಿ ಹೆಸರಾಂತ ಕ್ರೀಡಾಪಟುಗಳು, ಇನ್ನು ಕೆಲವುಗಳಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನ ಸಾಮಾನ್ಯ ನಾಗರಿಕರು.

ತಮಗೆ ಸಂಬಂಧವಿಲ್ಲ ಎಂದುಕೊಂಡವರ ಅಭಿಪ್ರಾಯವನ್ನು ಕ್ರೀಡಾಪಟುಗಳು ಮೇಲೆತ್ತಿದರು. ಸಂಬಂಧವಿದೆ ಎಂದುಕೊಂಡವರ ಮೇಲೆ ಅವರ ಪ್ರಸಿದ್ಧಿಯ ಪ್ರಭಾವ ಕಾಣಲಿಲ್ಲ. ಅಲ್ಲಿ ಕಾರಣಗಳ ಗುಣವೇ ಹೆಚ್ಚು ತೂಗಿತು. ಗಮನಿಸಬೇಕಾದ ಮಾತೆಂದರೆ, ಟೊಳ್ಳು ಕಾರಣ ಓದಿ ಯೋಚಿಸಿದವರು ರೇಜರನ್ನು ಕಡಿಮೆ ಮೆಚ್ಚಿದರು. ಜನರನ್ನು ಯೋಚಿಸಲು ಹಚ್ಚುವುದರಿಂದ ಸಂದೇಶಕ್ಕೆ ತಾನಾಗಿ ಲಾಭವಾಗುವುದಿಲ್ಲ. ಯೋಚಿಸಿದಾಗ ಎದುರು ನಿಲ್ಲುವಂಥ ವಾದ ಒಳಗಿರಬೇಕು.

ಗಂಟೆಗೆ ಐದು ಕಿಲೋಮೀಟರ್

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಪರಿಹಾರ ಕೊಡುವ ಸರ್ಕಾರಿ ವಿಮಾ ಸಂಸ್ಥೆ ಟ್ರಾನ್ಸ್‌ಪೋರ್ಟ್ ಆಕ್ಸಿಡೆಂಟ್ ಕಮಿಷನ್. ಪರಿಹಾರದ ಹೊರೆ ತನ್ನದೇ ಆದ್ದರಿಂದ ಅಪಘಾತ ತಗ್ಗಿಸುವುದರಲ್ಲಿ ಅದಕ್ಕೆ ನೇರ ಆಸಕ್ತಿ. 1989ರಿಂದ ಅದು ಟಿವಿಯಲ್ಲಿ ತೋರಿಸಿದ ಜಾಹೀರಾತುಗಳು ರಕ್ತ, ಆಸ್ಪತ್ರೆ, ಅಳುವ ತಾಯಂದಿರನ್ನು ಮುಚ್ಚುಮರೆಯಿಲ್ಲದೆ ತೋರಿಸಿ ಜಗತ್ತಿನಾದ್ಯಂತ ಹೆಸರಾದವು. ಆದರೆ 2001ರಲ್ಲಿ ಶುರುವಾದ ‘ವೈಪ್ ಆಫ್ 5’ ಆಂದೋಲನದ ಎದುರು ಬೇರೆ ಬಗೆಯ ಸಮಸ್ಯೆಯಿತ್ತು. ಅದು ಮಾತನಾಡಬೇಕಾಗಿದ್ದದ್ದು ಹುಚ್ಚು ವೇಗದ ಯುವಕರೊಡನೆ ಅಲ್ಲ, 60ರ ಮಿತಿಯಲ್ಲಿ 65ರಲ್ಲಿ ಹೋಗುವ ಸಂಭಾವಿತ ಚಾಲಕರೊಡನೆ. ಇವರು ಭಯಾನಕ ಅಪಘಾತದ ದೃಶ್ಯ ನೋಡಿದರೆ ಅದು ಯಾರೋ ಪುಂಡರ ಕಥೆ ಎಂದು ಪಕ್ಕಕ್ಕಿಡುತ್ತಾರೆ. ಐದು ಕಿಲೋಮೀಟರ್ ಹೆಚ್ಚಾದರೆ ಏನಾದೀತು ಎಂಬ ಅವರ ನಂಬಿಕೆಗೆ ಉತ್ತರ ಬೇಕಿತ್ತು. ಅದಕ್ಕೆ ಆಧಾರವೂ ಇತ್ತು: ಅಡಿಲೇಡ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60ರ ಮಿತಿಯ ರಸ್ತೆಗಳಲ್ಲಿ ವೇಗ ಐದೈದು ಕಿಲೋಮೀಟರ್ ಏರಿದಂತೆ ಗಾಯಕ್ಕೆ ಕಾರಣವಾಗುವ ಅಪಘಾತದ ಅಪಾಯ ಸುಮಾರು ಇಮ್ಮಡಿಯಾಗುತ್ತಿತ್ತು.

ಈ ಆಂದೋಲನದ ‘ಸ್ಲೋ ಮೋ’ ಎಂಬ ಚಿತ್ರ ಮಾದರಿಯನ್ನು ಅರಿಯಲು ನಾನು ಕಂಡ ಉತ್ತಮ ನಿದರ್ಶನ. ಒಂದೇ ಬಗೆಯ ಎರಡು ಕಾರುಗಳು ಅಕ್ಕಪಕ್ಕ ಸಾಗುತ್ತವೆ, ಒಂದು 60ರಲ್ಲಿ, ಇನ್ನೊಂದು 65ರಲ್ಲಿ. ಮುಂದೆ ಅಡ್ಡರಸ್ತೆಯಿಂದ ಲಾರಿಯೊಂದು ನುಗ್ಗುತ್ತದೆ. ಇಬ್ಬರು ಚಾಲಕರೂ ಒಂದೇ ಗಳಿಗೆಯಲ್ಲಿ ಅದನ್ನು ಕಾಣುತ್ತಾರೆ, ಇಬ್ಬರೂ ಬ್ರೇಕ್ ಒತ್ತುತ್ತಾರೆ. ಮೊನಾಶ್ ವಿಶ್ವವಿದ್ಯಾಲಯದ ಅಪಘಾತ ಸಂಶೋಧನಾ ಕೇಂದ್ರದ ಪ್ರೊಫೆಸರ್ ಇಯನ್ ಜಾನ್ಸ್ಟನ್ ನಿಧಾನಗತಿಯಲ್ಲಿ ಓಡುವ ದೃಶ್ಯದ ಜೊತೆಗೆ ಪ್ರತಿ ಹಂತದಲ್ಲಿ ಏನಾಗುತ್ತಿದೆ ಎಂದು ವಿವರಿಸುತ್ತಾರೆ. ಮೊದಲ ಕಾರು ಲಾರಿಗೆ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ತಾಗುತ್ತದೆ, ಎರಡನೆಯದು 32ರಲ್ಲಿ ಅಪ್ಪಳಿಸುತ್ತದೆ.

ಐದರ ವ್ಯತ್ಯಾಸ ಇಪ್ಪತ್ತೇಳಾದದ್ದು ಹೇಗೆ? ಓದುಗರೇ ಲೆಕ್ಕ ಹಾಕಿ ನೋಡಬಹುದು. ಲಾರಿ ಕಂಡು ಬ್ರೇಕ್ ಒತ್ತುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಅಷ್ಟರಲ್ಲಿ 60ರ ಕಾರು 25 ಮೀಟರ್ ದಾಟಿರುತ್ತದೆ, 65ರ ಕಾರು 27 ಮೀಟರಿಗಿಂತ ತುಸು ಹೆಚ್ಚು. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಾಕಿದರೆ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 7 ಮೀಟರಿನಂತೆ ಇಳಿಯುತ್ತದೆ ಎಂದುಕೊಂಡರೆ, ಮೊದಲ ಕಾರು ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು, ಎರಡನೆಯದಕ್ಕೆ 23 ಮೀಟರಿಗೂ ಹೆಚ್ಚು. ಲಾರಿ ಇರುವುದು 44.7 ಮೀಟರ್ ದೂರದಲ್ಲಾದರೆ 60ರ ಕಾರು ಇನ್ನೇನು ನಿಲ್ಲುವುದರಲ್ಲಿರುತ್ತದೆ. 65ರ ಕಾರು ಬ್ರೇಕ್ ಹಾಕಿದ ಮೇಲೆ ಅಲ್ಲಿಗೆ ಸಾಗಿರುವುದು ಹದಿನೇಳೂವರೆ ಮೀಟರ್ ಮಾತ್ರ. ಅದರ ವೇಗ ಇನ್ನೂ 32. ಬ್ರೇಕ್ ಹಾಕಿದ ಕಾರಿನಲ್ಲಿ ದೂರಕ್ಕೆ ಸಮವಾಗಿ ಇಳಿಯುವುದು ವೇಗದ ವರ್ಗ. ಹಾಗಾಗಿ ವೇಗದ ದೊಡ್ಡ ಪಾಲು ಕಳೆಯುವುದು ಕೊನೆಯ ಕೆಲವೇ ಮೀಟರುಗಳಲ್ಲಿ: 60ರ ಕಾರು ಕೊನೆಯ ಐದು ಮೀಟರಿನಲ್ಲಿ ತನ್ನ ವೇಗದ ಅರ್ಧವನ್ನು ಕಳೆದುಕೊಳ್ಳುತ್ತದೆ. ಆ ಐದು ಮೀಟರ್ ಸಿಗದ ಕಾರಿಗೆ ಅರ್ಧ ವೇಗ ಉಳಿದೇ ಹೋಯಿತು. ಡಿಕ್ಕಿಯ ಶಕ್ತಿಯೂ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಎರಡನೆಯ ಹೊಡೆತ ಮೊದಲನೆಯದರ ಸುಮಾರು ನಲವತ್ತು ಪಟ್ಟು.

ಇದು ಗಟ್ಟಿ ವಾದ. ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದದ್ದೆಲ್ಲ ಸಮನಾಗಿಟ್ಟಿದೆ. ನೋಡುವವರ ಬಾಯಿಯಲ್ಲಿ ಸಿದ್ಧವಾಗಿರುವ ಆಕ್ಷೇಪಗಳಿಗೆ ಜಾಗವನ್ನೇ ಬಿಟ್ಟಿಲ್ಲ. ನನ್ನ ಕಾರು ಚೆನ್ನಾಗಿದೆ ಎನ್ನಲಾಗದು, ಎರಡೂ ಒಂದೇ ಕಾರು. ನಾನು ಎಚ್ಚರದ ಚಾಲಕ ಎನ್ನಲಾಗದು, ಇಬ್ಬರೂ ಅಷ್ಟೇ ಎಚ್ಚರದವರು. ತಪ್ಪು ಲಾರಿಯದು ಎಂದರೂ ಆಗದು, ಏಕೆಂದರೆ ಚಿತ್ರ ತಪ್ಪಿನ ಮಾತನ್ನೇ ಎತ್ತುವುದಿಲ್ಲ. ಯೋಚಿಸಿದಷ್ಟೂ ಒಪ್ಪಿಗೆಯ ಆಲೋಚನೆ ಬೆಳೆಯುವಂತೆ ಅದನ್ನು ಕಟ್ಟಿದ್ದಾರೆ.

ಯೋಚಿಸುವ ಅನುಕೂಲವನ್ನೂ ಒದಗಿಸಿದ್ದಾರೆ. ಟಿವಿ ತನ್ನ ಓಟದಲ್ಲಿ ಓಡುತ್ತದೆ, ಪುಸ್ತಕದ ಸಾಲಿನಂತೆ ಹಿಂದಕ್ಕೆ ಹೋಗಿ ಓದಲು ಬರುವುದಿಲ್ಲ. ಗಮನ ಚೆದುರಿದಾಗ ಗಟ್ಟಿ ವಾದ ಸೋಲುತ್ತದೆ, ಟೊಳ್ಳು ವಾದ ಬದುಕಿಕೊಳ್ಳುತ್ತದೆ ಎಂದು ಪೆಟಿ, ವೆಲ್ಸ್ ಮತ್ತು ಬ್ರಾಕ್ 1976ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಅಬ್ಬರದ ಸಂಗೀತ, ಸರಸರನೆ ಬದಲಾಗುವ ದೃಶ್ಯಗಳು ಗಟ್ಟಿ ವಾದಕ್ಕೆ ಹೊರೆ. ‘ಸ್ಲೋ ಮೋ’ದಲ್ಲಿ ನಿಧಾನಗತಿ ಬರೀ ಅಲಂಕಾರವಾಗದೆ ಲೆಕ್ಕ ತಲೆಗೆ ಇಳಿಯಲು ಬೇಕಾದ ಸಮಯವನ್ನು ಕೊಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕರ್ನಾಟಕದ ಹೆದ್ದಾರಿಗಳ ಬದಿಯಲ್ಲಿ ಕಾಣುವ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕವನ್ನು ಚಾಲಕ ಓದುವುದು ಒಂದೆರಡು ಸೆಕೆಂಡಿನಲ್ಲಿ. ವಾಹನ ಓಡಿಸುತ್ತಿರುವವರಿಗೆ ಅಲ್ಲಿ ವಾದ ಕೊಟ್ಟರೂ ಯೋಚಿಸುವ ಬಿಡುವಿಲ್ಲ, ಕೊಡಲೂಬಾರದು. ಆ ಫಲಕ ಮಾಡಬಹುದಾದ ಕೆಲಸ ನೆನಪಿಸುವುದು. ಮನವೊಲಿಸುವ ಕೆಲಸ ಬೇರೆಲ್ಲೋ ಮೊದಲೇ ಆಗಿರಬೇಕು.

ಪ್ರೊಫೆಸರ್ ಏನು ಮಾಡುತ್ತಾರೆ?

ಚಿತ್ರದಲ್ಲಿ ಪ್ರೊಫೆಸರ್ ಇರುವುದರಿಂದ ಅದು ಪರಿಧಿ ಮಾರ್ಗದ ಜಾಹೀರಾತಾಯಿತೇ? ಮಾದರಿಯ ಬಹು ಸೂಕ್ಷ್ಮವಾದ ಭಾಗ ಇಲ್ಲಿದೆ. ಒಂದೇ ಅಂಶ ಚಿಂತನೆಯ ಮಟ್ಟಕ್ಕೆ ತಕ್ಕಂತೆ ಬೇರೆ ಬೇರೆ ಕೆಲಸ ಮಾಡುತ್ತದೆ ಎಂದು ಪೆಟಿ ಮತ್ತು ಕಚಿಯೊಪ್ಪೊ ಹೇಳುತ್ತಾರೆ. ಅಡುಗೆ ಮಾಡುತ್ತ ಅರೆಗಿವಿಯಲ್ಲಿ ಟಿವಿ ಕೇಳುವವರಿಗೆ ಜಾನ್ಸ್ಟನ್ ಒಂದು ಸುಳಿವು ಮಾತ್ರ: ಪ್ರೊಫೆಸರ್ ಹೇಳುತ್ತಿದ್ದಾರೆ, ಸರಿಯೇ ಇರಬೇಕು. ಈ ಒಪ್ಪಿಗೆ ತೆಳು. ನಾಳೆ ಗೆಳೆಯನೊಬ್ಬ ಐದು ಕಿಲೋಮೀಟರಿಗೆಲ್ಲ ಏನೂ ಆಗುವುದಿಲ್ಲ ಎಂದರೆ ಅಳಿಸಿಹೋಗುತ್ತದೆ. ನೋಡಲೋ ಬೇಡವೋ ಎಂದು ಅರೆಮನಸ್ಸಿನಲ್ಲಿರುವವರಿಗೆ ಅವರ ಪರಿಣತಿ ಇದು ಕೇಳಬೇಕಾದ ಮಾತು ಎಂದು ಹೇಳಿ ಚಿಂತನೆಯನ್ನೇ ಹೆಚ್ಚಿಸಬಹುದು. ಈಗಾಗಲೇ ಗಮನವಿಟ್ಟು ನೋಡುತ್ತಿರುವವರಿಗೆ ಅವರ ಪರಿಣತಿ ಅಸ್ಪಷ್ಟವಾದ ಕಡೆ ಆಲೋಚನೆಯನ್ನು ತನ್ನತ್ತ ವಾಲಿಸಬಹುದು. ಅಪಘಾತ ವಿಶ್ಲೇಷಣೆಯೇ ಅವರ ವೃತ್ತಿಯಾದ್ದರಿಂದ 32 ಎಂಬ ಅಂಕಿಯನ್ನು ನಂಬಲು ಅದೇ ಒಂದು ಸಾಕ್ಷ್ಯವೂ ಆಗಬಹುದು. ಪೆಟಿ, ಪಾಬ್ಲೊ ಬ್ರಿನ್ಯೊಲ್ ಮತ್ತು ಝಾಕರಿ ಟೋರ್ಮಾಲ 2002ರಲ್ಲಿ ಇನ್ನೊಂದು ಪಾತ್ರವನ್ನು ಸೇರಿಸಿದರು: ಜನ ತಮ್ಮ ಆಲೋಚನೆಗಳ ಮೇಲೆ ಇಡುವ ಭರವಸೆ ಹೆಚ್ಚಾದರೆ ಆ ಆಲೋಚನೆಗಳು ಅಭಿಪ್ರಾಯವನ್ನು ಹೆಚ್ಚು ತಿದ್ದುತ್ತವೆ.

ಭಯಕ್ಕೂ ಇದೇ ಮಾತು ಸಲ್ಲುತ್ತದೆ. ರಕ್ತದ ದೃಶ್ಯ ಕೆಲವರಿಗೆ ಸುಳಿವು, ಕೆಲವರಿಗೆ ಯೋಚಿಸಲು ಪ್ರೇರಣೆ, ಇನ್ನು ಕೆಲವರಿಗೆ ಮುಖ ತಿರುಗಿಸಲು ಕಾರಣ. ರಸ್ತೆ ಸುರಕ್ಷತೆಯ ಭಯದ ಜಾಹೀರಾತುಗಳ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನಗಳಲ್ಲಿ, ಇದು ನನಗಿಂತ ಬೇರೆಯವರಿಗೆ ಹೆಚ್ಚು ಅನ್ವಯಿಸುತ್ತದೆ ಎಂದು ಗಂಡಸರು ಹೇಳಿದ್ದು ಹೆಚ್ಚು. ಯಾರನ್ನು ತಲುಪಬೇಕೋ ಅವರಲ್ಲೇ ಚಿಂತನೆ ರಕ್ಷಣೆಯ ದಾರಿ ಹಿಡಿದಿರುತ್ತದೆ.

ಯೋಚನೆ ಬೇರೆ ದಾರಿ ಹಿಡಿದಾಗ

ಪ್ರೇಕ್ಷಕರು ಚೆನ್ನಾಗಿ ಯೋಚಿಸಿಯೂ ಸಂದೇಶ ದಡ ಸೇರದಿರಬಹುದು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಹಂಚಿಕೊಂಡ ಏರ್‌ಬ್ಯಾಗ್ ಜಾಹೀರಾತು ಇದಕ್ಕೆ ಉದಾಹರಣೆ. ಮದುವೆಯಾದ ಮಗಳನ್ನು ತಂದೆ ಕಾರಿನಲ್ಲಿ ಬೀಳ್ಕೊಡುತ್ತಿದ್ದಾನೆ. ಪೊಲೀಸ್ ವೇಷದ ಅಕ್ಷಯ್ ಕುಮಾರ್ ಬಂದು ಕಾರಿನಲ್ಲಿ ಎರಡೇ ಏರ್‌ಬ್ಯಾಗ್ ಇರುವುದನ್ನು ಎತ್ತಿ ಆಡುತ್ತಾನೆ. ಕಾರು ಬದಲಾಗಿ ಆರು ಏರ್‌ಬ್ಯಾಗಿನದು ಬರುತ್ತದೆ. ನಟನ ಜನಪ್ರಿಯತೆಯನ್ನೇ ನೆಚ್ಚಿದ ಚಿತ್ರವಿದು. ಆದರೆ ನೋಡಿದ ಹಲವರು ಯೋಚಿಸಿದ್ದು ಏರ್‌ಬ್ಯಾಗಿನ ಬಗ್ಗೆ ಅಲ್ಲ, ಮಗಳ ಮನೆಗೆ ತಂದೆ ಕಾರು ಕೊಟ್ಟು ಕಳಿಸುವುದರ ಬಗ್ಗೆ. ವರದಕ್ಷಿಣೆಗೆ ಕುಮ್ಮಕ್ಕು ಎಂದು ರಾಜಕಾರಣಿಗಳೂ ಸಾರ್ವಜನಿಕರೂ ಟೀಕಿಸಿದರು. ಅವರ ಚಿಂತನೆ ಆಳವಾಗಿಯೇ ಇತ್ತು, ಆದರೆ ಅದು ಹತ್ತಿಕೊಂಡದ್ದು ಕಥೆಯ ಚೌಕಟ್ಟಿಗೆ. ಇಲ್ಲಿ ಪ್ರತಿಕೂಲ ಆಲೋಚನೆ ಬೆಳೆದಷ್ಟೂ ನಟನ ಪ್ರಸಿದ್ಧಿಯ ಬಲ ಕುಂದಿತು. ಟೀಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಸುರಕ್ಷತೆಯ ವಾದಕ್ಕೆ ಆ ಬೀಳ್ಕೊಡುಗೆಯ ದೃಶ್ಯದ ಅಗತ್ಯವೇ ಇರಲಿಲ್ಲ.

ಇನ್ನೊಂದು ಅಪಾಯ ಅಂಕಿಯಲ್ಲೇ ಅಡಗಿರುತ್ತದೆ. 2005ರಲ್ಲಿ ಬ್ರಿಟನ್ನಿನ ಸಾರಿಗೆ ಇಲಾಖೆಯ ಜಾಹೀರಾತಿನಲ್ಲಿ ಮರದ ಬುಡದಲ್ಲಿ ಸತ್ತು ಬಿದ್ದ ಬಾಲಕಿಯ ದನಿ ಹೇಳುತ್ತಿತ್ತು: ಗಂಟೆಗೆ 40 ಮೈಲಿಯಲ್ಲಿ ಗುದ್ದಿದರೆ ನಾನು ಸಾಯುವ ಸಂಭವ ಸುಮಾರು 80 ಪ್ರತಿಶತ, 30 ಮೈಲಿಯಲ್ಲಿ ಗುದ್ದಿದರೆ ಬದುಕುವ ಸಂಭವ ಸುಮಾರು 80 ಪ್ರತಿಶತ. ಎದೆಗೆ ನಾಟುವ ವಾದ. ಆದರೆ 2010ರಲ್ಲಿ ಅದೇ ಇಲಾಖೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕಾರಿನ ಮುಂಭಾಗ ತಗುಲಿದ ಪಾದಚಾರಿಗಳ ಸಾವಿನ ಅಪಾಯ 40 ಮೈಲಿಯಲ್ಲಿ ಸುಮಾರು 31 ಪ್ರತಿಶತ, 30 ಮೈಲಿಯಲ್ಲಿ ಸುಮಾರು 7 ಪ್ರತಿಶತ ಎಂದು ಬಂತು. ಹತ್ತು ಮೈಲಿಗೆ ಅಪಾಯ ನಾಲ್ಕು ಪಟ್ಟಿಗೂ ಹೆಚ್ಚುತ್ತದೆ ಎಂಬ ತಿರುಳು ಉಳಿಯಿತು, ಅಂಕಿಗಳು ಉಳಿಯಲಿಲ್ಲ. ಮಾದರಿಯಲ್ಲಿ ಗಟ್ಟಿ ವಾದ ಎಂದರೆ ಯೋಚಿಸಿದವರಲ್ಲಿ ಒಪ್ಪಿಗೆಯ ಆಲೋಚನೆ ಹುಟ್ಟಿಸುವ ವಾದ ಎಂದಷ್ಟೇ ಅರ್ಥ. ಅದು ನಿಜವೋ ಅಲ್ಲವೋ ಎಂಬ ಪ್ರಶ್ನೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಸರ್ಕಾರದ ಹಣದಲ್ಲಿ ಜಾಹೀರಾತು ಮಾಡುವವರು ಈ ಪ್ರಶ್ನೆಯನ್ನು ಬೇರೆಯಾಗಿ ಕೇಳಿಕೊಳ್ಳಲೇಬೇಕು.

ಅಳೆಯುವ ಬಗೆ

ನೋಡುಗರು ಯಾವ ಮಾರ್ಗದಲ್ಲಿದ್ದರು ಎಂಬುದನ್ನು ಅವರನ್ನೇ ಕೇಳಿ ತಿಳಿಯಲಾಗದು. ಚೆನ್ನಾಗಿ ಯೋಚಿಸಿದೆವು ಎಂದೇ ಎಲ್ಲರೂ ಹೇಳುತ್ತಾರೆ. ಎರಡು ಸಾಧನಗಳು ಬಳಕೆಯಲ್ಲಿವೆ. ಚಿತ್ರ ಮುಗಿದೊಡನೆ ಎರಡು ಮೂರು ನಿಮಿಷ ಕೊಟ್ಟು, ನೋಡುವಾಗ ತಲೆಗೆ ಬಂದದ್ದನ್ನೆಲ್ಲ ಒಂದೊಂದು ಚೌಕದಲ್ಲಿ ಒಂದೊಂದರಂತೆ ಬರೆಸುವುದು ಮೊದಲನೆಯದು. ಬಳಿಕ ಅವನ್ನು ಪರ, ವಿರೋಧ, ತಟಸ್ಥ ಎಂದು ವಿಂಗಡಿಸುತ್ತಾರೆ. ಪ್ರೊಫೆಸರ್ ಚೆನ್ನಾಗಿ ಮಾತನಾಡಿದರು ಎಂಬುದು ಮೂಲದ ಬಗೆಗಿನ ಆಲೋಚನೆ. ನಮ್ಮ ಮನೆ ಮುಂದಿನ ತಿರುವಿನಲ್ಲಿ ಇದೇ ಆಗಬಹುದು ಎಂಬುದು ವಾದವನ್ನು ಬೆಳೆಸಿದ ಆಲೋಚನೆ. ಎರಡನೆಯ ಸಾಧನ ಹೆಚ್ಚು ನಂಬಲರ್ಹ. ಅದೇ ಚಿತ್ರದ ಎರಡು ಪ್ರತಿ ಮಾಡುತ್ತಾರೆ, ಒಂದರಲ್ಲಿ ಬ್ರೇಕಿನ ಲೆಕ್ಕ, ಇನ್ನೊಂದರಲ್ಲಿ ನಿಧಾನವಾಗಿ ಹೋದರೆ ಮಿತಿ ಪಾಲಿಸಿದ ಸಮಾಧಾನ ಸಿಗುತ್ತದೆ ಎಂಬಂಥ ಸಪ್ಪೆ ಕಾರಣ. ಒಂದೊಂದು ಪ್ರತಿಯನ್ನು ನೋಡಿದ ಎರಡು ಗುಂಪುಗಳ ಅಭಿಪ್ರಾಯ ಒಂದೇ ಆಗಿದ್ದರೆ ಯಾರೂ ಯೋಚಿಸಿಲ್ಲ. ಅವುಗಳ ನಡುವೆ ಅಂತರ ಹೆಚ್ಚಿದಷ್ಟೂ ಚಿಂತನೆ ಹೆಚ್ಚು ನಡೆದಿದೆ.

ಟೀಕಾಕಾರರು ಬೆರಳಿಡುವುದೂ ಇಲ್ಲೇ. ಗಟ್ಟಿ ವಾದ ಯಾವುದೆಂದು ಮೊದಲೇ ಜನರ ಮೇಲೆ ಪರೀಕ್ಷಿಸಿ ಆರಿಸಿಕೊಂಡರೆ, ಅದು ಏಕೆ ಗಟ್ಟಿ ಎಂಬುದಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ. ಹೊಸ ಜಾಹೀರಾತು ಬರೆಯುವವರಿಗೆ ಮಾದರಿಯಿಂದ ವಾದ ಹುಟ್ಟುವುದಿಲ್ಲ. ಹುಟ್ಟಿದ ವಾದವನ್ನು ಪರೀಕ್ಷಿಸುವ ವಿಧಾನ ಸಿಗುತ್ತದೆ. ಸುಳಿವು ಮತ್ತು ವಾದ ಎರಡೂ ತೀರ್ಮಾನಕ್ಕೆ ಬಳಸುವ ಸಾಕ್ಷ್ಯಗಳೇ ಆದ್ದರಿಂದ ಮಾರ್ಗ ಒಂದೇ ಸಾಕು ಎಂದು ಅರಿ ಕ್ರುಗ್ಲಾನ್ಸ್ಕಿ ಮತ್ತು ಎರಿಕ್ ಥಾಂಪ್ಸನ್ 1999ರಲ್ಲಿ ವಾದಿಸಿದರು. ಈ ಚರ್ಚೆ ಇನ್ನೂ ಮುಗಿದಿಲ್ಲ.

ಅಭಿಪ್ರಾಯದಿಂದ ಆಕ್ಸಿಲರೇಟರಿನವರೆಗೆ

ಕೇಂದ್ರ ಮಾರ್ಗದಲ್ಲಿ ಮೂಡಿದ ಅಭಿಪ್ರಾಯ ಹೆಚ್ಚು ಕಾಲ ಉಳಿಯುತ್ತದೆ, ಎದುರು ಮಾತಿಗೆ ಸುಲಭವಾಗಿ ಮಣಿಯುವುದಿಲ್ಲ, ನಡವಳಿಕೆಯನ್ನು ಹೆಚ್ಚು ಮುನ್ಸೂಚಿಸುತ್ತದೆ ಎಂಬುದು ಮಾದರಿಯ ಮುಖ್ಯ ನಿರೀಕ್ಷೆ. ‘ಸ್ಲೋ ಮೋ’ದ ಲೆಕ್ಕ ಒಮ್ಮೆ ತಲೆಗೆ ಹೊಕ್ಕರೆ ಚಾಲಕ ಅದನ್ನು ಹೆಂಡತಿಗೆ, ಮಗನಿಗೆ ತಾನೇ ವಿವರಿಸಬಲ್ಲ. ಪ್ರೊಫೆಸರ್ ಹೇಳಿದರು ಎಂಬುದನ್ನಷ್ಟೇ ನೆನಪಿಟ್ಟವನಿಗೆ ವಿವರಿಸಲು ಏನೂ ಉಳಿದಿರುವುದಿಲ್ಲ. ಆದರೂ ವೇಗ ಹೆಚ್ಚಿನ ಪಾಲು ಅಭ್ಯಾಸದ ಕೆಲಸ. ಖಾಲಿ ರಸ್ತೆಯಲ್ಲಿ, ಹಿಂದಿನವನ ಹಾರ್ನಿಗೆ, ಕಾಲು ತಾನಾಗಿ ಒತ್ತುತ್ತದೆ. ಆ ಗಳಿಗೆಯಲ್ಲಿ ಬದಲಾದ ಅಭಿಪ್ರಾಯ ನೆನಪಿಗೆ ಬರಬೇಕು, ಬಂದರೂ ಅಭ್ಯಾಸವನ್ನು ಗೆಲ್ಲಬೇಕು.

ವಿಕ್ಟೋರಿಯಾ ಈ ಕೊರತೆ ತುಂಬುವುದನ್ನು ಜಾಹೀರಾತೊಂದಕ್ಕೇ ಬಿಡಲಿಲ್ಲ. 2001ರ ಜನವರಿಯಲ್ಲಿ ವಸತಿ ಪ್ರದೇಶದ ಸಾಮಾನ್ಯ ಮಿತಿಯನ್ನು 60ರಿಂದ 50ಕ್ಕೆ ಇಳಿಸಿತು. ವೇಗ ಹಿಡಿಯುವ ಕ್ಯಾಮೆರಾಗಳ ಬಳಕೆ ಹೆಚ್ಚಾಯಿತು, ಮಿತಿ ಮೀರಿದರೂ ದಂಡ ಬೀಳದಂತೆ ಬಿಡುತ್ತಿದ್ದ ಅಂತರ 2002ರ ಹೊತ್ತಿಗೆ ಕಿರಿದಾಯಿತು. ಐದು ಕಿಲೋಮೀಟರ್ ಏನು ಮಾಡುತ್ತದೆಂದು ಟಿವಿಯಲ್ಲಿ ನೋಡಿದವನಿಗೆ ಆ ಐದಕ್ಕೆ ಬೀಳುವ ದಂಡದ ಕಾರಣವೂ ಅರ್ಥವಾಗುವಂತಿತ್ತು. ರಾಜ್ಯದ ರಸ್ತೆ ಸಾವುಗಳು 2001ರಲ್ಲಿ 444 ಇದ್ದದ್ದು 2003ರಲ್ಲಿ 330ಕ್ಕೆ ಇಳಿದವು. ಇದರಲ್ಲಿ ಜಾಹೀರಾತಿನ ಪಾಲು ಎಷ್ಟು, ಕ್ಯಾಮೆರಾದ್ದೆಷ್ಟು, ಹೊಸ ಮಿತಿಯದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ, ಏಕೆಂದರೆ ಎಲ್ಲವನ್ನೂ ಒಂದೇ ಕಟ್ಟಾಗಿ ಜಾರಿಗೆ ತಂದಿದ್ದರು. ಮೊನಾಶ್ ಕೇಂದ್ರದ ಸಂಶೋಧಕರು ನಂತರ ಮೌಲ್ಯಮಾಪನ ಮಾಡಿದ್ದೂ ಆ ಇಡೀ ಕಟ್ಟನ್ನೇ.